ಹದಿನೇಳನೇ ನಂಬರಿನ ಖಾಲಿ ವರದಿಗಳು

ಆಫೀಸಿನಲ್ಲಿ ಅವಳನ್ನು ಎದುರಿಗೆ ಕರಡಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಕರಡಿಯಕ್ಕ. ಎರಡೂ ಅವಳಿಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ಎರಡನೆಯದೇ ಅವಳಿಗೆ ಹೆಚ್ಚು ಹಿಡಿಸಿತ್ತು. ಇಪ್ಪತ್ತೆರಡು ವರ್ಷ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದಿ, ಪತ್ರಿಕೆ ಬಾಗಿಲು ಹಾಕಿದ ಮೇಲೆ, ಐವತ್ತೊಂದನೇ ವಯಸ್ಸಿನಲ್ಲಿ ಈ ಕಂಪನಿಗೆ ಬಂದು ಬಿದ್ದವಳು. ಕಂಪನಿ ಅಂದರೆ ಟೈರ್ ಅಂಗಡಿಯ ಮೇಲೆ ಮೂರನೇ ಮಹಡಿ, ಹನ್ನೆರಡು ಜನ, ಒಂದು ಕೆಟ್ಟ ಕಾಫಿ ಯಂತ್ರ. ಕೆಳಗೆ ಟೈರಿಗೆ ಗಾಳಿ ಹೊಡೆದಾಗಲೆಲ್ಲ ಮೇಲೆ ಕಿಟಕಿ ಗಾಜು ಗುಂಯ್ ಅನ್ನುತ್ತಿತ್ತು.

ಅಲ್ಲಿ ತಯಾರಾಗುತ್ತಿದ್ದದ್ದು ಒಂದು ಆ್ಯಪ್. ಬೆಳಗ್ಗೆ ಮನೆಮನೆಗೆ ಹೋಗಿ ರಕ್ತದ ಮಾದರಿ ತೆಗೆದು ಲ್ಯಾಬಿಗೆ ತರುತ್ತಾರಲ್ಲ, ಅವರಿಗಾಗಿ. ಇವತ್ತು ಯಾವ ಮನೆ, ಯಾವ ಬಣ್ಣದ ಮುಚ್ಚಳದ ಟ್ಯೂಬು, ಎಲ್ಲ ಫೋನಿನಲ್ಲೇ ಬರುತ್ತದೆ. ಎಲ್ಲರ ಕೈಗೂ ಕೊಡುವ ಮೊದಲು ಒಂದೇ ಲ್ಯಾಬಿನ ನಲವತ್ತು ಜನಕ್ಕೆ ಕೊಟ್ಟು ಪರೀಕ್ಷೆ ನಡೆಯುತ್ತಿತ್ತು. ಇದಕ್ಕೆ ಬೀಟಾ ಎಂದು ಹೆಸರು. ನಲವತ್ತು ಜನಕ್ಕೂ ಒಂದೊಂದು ನಂಬರು, ಅದರ ಚೀಟಿ ಅವರವರಿಗೆ ಲ್ಯಾಬು ಕೊಟ್ಟ ಫೋನಿನ ಬೆನ್ನಿಗೆ. ಅಪ್‌ಡೇಟ್ ಬಂದಾಗಲೆಲ್ಲ ಏನು ಬದಲಾಗಿದೆ, ತೊಂದರೆ ಕಂಡರೆ ಹೇಗೆ ತಿಳಿಸಬೇಕು ಎಂದು ಅವರಿಗೆ ಕಾಗದ ಬರೆಯುವುದು ಕರಡಕ್ಕನ ಕೆಲಸ. ಕಾಗದ ಆ್ಯಪ್‌ನೊಳಗೇ ಹೋಗುತ್ತಿತ್ತು, ಯಾರು ತೆರೆದರು, ಯಾರು ತೆರೆಯಲಿಲ್ಲ ಎಂಬುದು ಅವಳ ಪರದೆಯಲ್ಲಿ ಕಾಣುತ್ತಿತ್ತು. ಒಂದು ಪ್ರತಿ ಲ್ಯಾಬಿನ ಮೇಲ್ವಿಚಾರಕಿಗೂ ಹೋಗುತ್ತಿತ್ತು.

ಅವಳ ಕಾಗದಗಳು ಚೆನ್ನಾಗಿಯೇ ಇರುತ್ತಿದ್ದವು, ಸುಳ್ಳು ಹೇಳಬಾರದು. ಬೇರೆ ಕಂಪನಿಗಳವರು "ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ" ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳುತ್ತಾರೆ. ಆ ಸಾಲು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಯಾವ ದೋಷ, ಎಲ್ಲಿತ್ತು, ಈಗ ಏನಾಗಿದೆ, ಬೆಳಗಿನ ಆರು ಗಂಟೆಗೆ ಯಾರದೋ ಮೆಟ್ಟಿಲ ಮೇಲೆ ನಿಂತವನಿಗೂ ಅರ್ಥವಾಗುವಂತೆ ಬರೆಯುತ್ತಿದ್ದಳು. ಆದರೆ ಓದುವವರ ಮೇಲೆ ಅವಳಿಗೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ. ಅವರಿಗೂ ಅವಳ ಮೇಲೆ ಇರಲಿಲ್ಲ. "ಆ್ಯಪ್ ನಿಂತೋಯ್ತು" ಎಂದು ಎರಡು ಪದ ಬರೆದು ಕಳಿಸುವವರ ಮೇಲೆ ಪ್ರೀತಿ ಬರುವುದಾದರೂ ಹೇಗೆ. ಎಲ್ಲಿ ನಿಂತಿತು, ಯಾವಾಗ ನಿಂತಿತು, ಏನು ಒತ್ತಿದಾಗ ನಿಂತಿತು? ದೇವರಿಗೇ ಗೊತ್ತು.

ಆ ನಲವತ್ತರಲ್ಲಿ ಒಬ್ಬ ಮಾತ್ರ ಸರಿಯಾಗಿ ಬರೆಯುತ್ತಿದ್ದ. ಹದಿನೇಳನೇ ನಂಬರಿನವನು. ಅವನನ್ನೇ ಅವಳು ಎಲ್ಲರಿಗಿಂತ ಹೆಚ್ಚು ದ್ವೇಷಿಸುತ್ತಿದ್ದಳು.

ಅದಕ್ಕೆ ಕಾರಣ ಒಂದು ದೀರ್ಘ. ಆರನೇ ಕಾಗದದಲ್ಲಿ ಅವಳು "ದೃಢಿಕರಿಸಿ" ಎಂದು ಬರೆದುಬಿಟ್ಟಿದ್ದಳು. ಹದಿನೇಳು ಅದನ್ನೇ ಒಂದು ದೋಷ ಎಂದು ವರದಿ ಮಾಡಿದ: "ದೃಢೀಕರಿಸಿ. ಢಕ್ಕೆ ದೀರ್ಘ ಬೇಕು. ಗುಂಡಿಯ ಮೇಲೆ ಸರಿಯಾಗಿದೆ, ನಿಮ್ಮ ಕಾಗದದಲ್ಲಿ ತಪ್ಪಿದೆ." ಆ ವರದಿಯನ್ನು ಇಡೀ ಆಫೀಸು ಓದಿತು. ಕಂಪನಿಯ ಯಜಮಾನ ಕಾಫಿ ಯಂತ್ರದ ಹತ್ತಿರ ನಿಂತು ಜೋರಾಗಿಯೇ ಓದಿದ. ಇಪ್ಪತ್ತೆರಡು ವರ್ಷ ಬೇರೆಯವರ ದೀರ್ಘ ತಿದ್ದಿದ ಹೆಂಗಸು ಅವತ್ತು ಊಟದ ಡಬ್ಬಿ ತೆರೆಯಲಿಲ್ಲ.

ಒಂಬತ್ತನೇ ಕಾಗದದಲ್ಲಿ ಹೇಳಬೇಕಾದ್ದು ಬಹಳ ಇತ್ತು. ಮೊದಲೆಲ್ಲ "ದೃಢೀಕರಿಸಿ" ಒತ್ತಿದ ಮೇಲೆ ಟ್ಯೂಬಿನ ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಿದ್ದರು. ಒಂದೇ ಮನೆಯ ಇಬ್ಬರ ಟ್ಯೂಬುಗಳು ಅದಲುಬದಲಾದ ಮೇಲೆ ಅದನ್ನು ತಿರುಗಿಸಿ, ಸ್ಕ್ಯಾನ್ ಆಗದೆ ಗುಂಡಿಯೇ ಕಾಣಿಸದಂತೆ ಮಾಡಿದ್ದರು. ನೆಲಮಾಳಿಗೆಯಲ್ಲಿ, ಮೆಟ್ಟಿಲುಗಳ ಹತ್ತಿರ ನೆಟ್‌ವರ್ಕ್ ಸಿಗದಿದ್ದರೂ ಈಗ ಕೆಲಸ ನಿಲ್ಲುತ್ತಿರಲಿಲ್ಲ. ಎಲ್ಲ ಫೋನಿನಲ್ಲೇ ಉಳಿದು, ನೆಟ್‌ವರ್ಕ್ ಬಂದಾಗ ತಾನೇ ಹೋಗುತ್ತಿತ್ತು. ಕೊನೆಯದಾಗಿ ದೋಷ ತಿಳಿಸುವ ಹೊಸ ದಾರಿ. ಅದನ್ನು ಅವಳು ಹೀಗೆ ಬರೆದಿದ್ದಳು:

"ತೊಂದರೆ ಕಂಡ ತಕ್ಷಣ ಫೋನನ್ನು ಕೈಯಲ್ಲೇ ಹಿಡಿದು ಅಲುಗಾಡಿಸಿ. ಆ ಕ್ಷಣದ ಪರದೆಯ ಚಿತ್ರ ತಾನೇ ಸೇರಿಕೊಂಡು ಒಂದು ಫಾರಂ ತೆರೆಯುತ್ತದೆ. ರೋಗಿಯ ಹೆಸರಿನ ಮೇಲೆ ಕಪ್ಪು ಪಟ್ಟಿ ಬರುತ್ತದೆ, ಆ ಚಿಂತೆ ಬೇಡ. ನೀವು ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಈ ಮೂರು ಖಾನೆ ತುಂಬಿ 'ಕಳಿಸಿ' ಒತ್ತಿ. ಅಕಸ್ಮಾತ್ತಾಗಿ ತೆರೆದುಕೊಂಡರೆ 'ಬೇಡ' ಒತ್ತಿ, ಅಲ್ಲಿಗೆ ಮುಗಿಯಿತು."

ಕಾಗದ ಸೊಗಸಾಗಿತ್ತು. ಅದರ ಕೊನೆಯ ಎರಡು ಪದ ಮಾತ್ರ ಸುಳ್ಳಾಗಿತ್ತು. ಅದು ಅವಳಿಗಾಗಲಿ, ಆ ಗುಂಡಿಗಳನ್ನು ಬರೆದ ಪ್ರೋಗ್ರಾಮರ್ ಹುಡುಗಿಗಾಗಲಿ ಅವತ್ತು ಗೊತ್ತಿರಲಿಲ್ಲ.

ಎಂಟು ದಿನದಲ್ಲಿ ನೂರ ಹನ್ನೆರಡು ವರದಿ ಬಂದವು. ಪಟ್ಟಿಯನ್ನು ಕೆಳಕ್ಕೆ ಎಳೆಯುತ್ತಾ ಹೋದಂತೆ ಕರಡಕ್ಕನ ಹುಬ್ಬು ಮೇಲೇರಿತು. ಎಪ್ಪತ್ತು ವರದಿಗಳ ಮೂರೂ ಖಾನೆ ಖಾಲಿ. ಆ ಎಪ್ಪತ್ತರಲ್ಲಿ ಅರವತ್ತೊಂದು ಒಂದೇ ನಂಬರಿನಿಂದ. ಹದಿನೇಳು.

ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಒಂದನ್ನೂ ಬಿಚ್ಚಿ ನೋಡಲಿಲ್ಲ. ಕೈಗೆ ಸಿಕ್ಕಿಬಿದ್ದ, ಇನ್ನು ಬಿಡಬಾರದು, ಅಷ್ಟೇ. ಹತ್ತನೇ ಕಾಗದಕ್ಕೆ ಅಪ್‌ಡೇಟ್‌ನ ನೆಪವೂ ಬೇಕಾಗಲಿಲ್ಲ. "ವರದಿ ಮಾಡುವವರಿಗೆ ಒಂದು ಕಿವಿಮಾತು" ಎಂದು ತಲೆಬರಹ ಕೊಟ್ಟು ಬರೆದಳು:

"ಬಂದ ವರದಿಗಳಲ್ಲಿ ಎಪ್ಪತ್ತು ಪೂರ್ತಿ ಖಾಲಿ. ಹದಿನೇಳನೇ ನಂಬರಿನ ಒಬ್ಬರಿಂದಲೇ ಅರವತ್ತೊಂದು. ಫೋನು ಗಿಲಕಿಯಲ್ಲ, ನಮ್ಮ ಆಫೀಸು ತೊಟ್ಟಿಲೂ ಅಲ್ಲ. ಬೇರೆಯವರ ಅಕ್ಷರ ಎಣಿಸುವ ಉತ್ಸಾಹ ಉಳ್ಳವರು ತಮ್ಮ ಖಾನೆಗಳಲ್ಲಿ ನಾಲ್ಕು ಅಕ್ಷರ ತುಂಬುವ ಶ್ರಮವನ್ನೂ ತೆಗೆದುಕೊಳ್ಳಬೇಕಾಗಿ ವಿನಂತಿ."

ಕಳಿಸುವ ಮೊದಲು ಬೆಳಗಿನ ತಿಂಡಿಯ ಹೊತ್ತಿಗೆ ಗಂಡನಿಗೆ ಓದಿ ಹೇಳಿದಳು. ಗಂಡ ಲಿಫ್ಟ್ ಮೆಕ್ಯಾನಿಕ್. ಮಾತು ಕಡಿಮೆ, ಆಡಿದರೆ ಚುಚ್ಚುವಂತೆ ಆಡುವ ಮನುಷ್ಯ.

"ಖಾಲಿ ಯಾಕಿದೆ ಅಂತ ನೋಡಿದ್ಯಾ?" ಎಂದ.

"ಖಾಲಿಯೊಳಗೆ ನೋಡೋದೇನಿದೆ?"

"ಲಿಫ್ಟು ಯಾರೂ ಕರೀದೆ ಹೋಗಿ ಮೂರನೇ ಮಹಡೀಲಿ ನಿಂತ್ರೆ, ಮೂರನೇ ಮಹಡಿಯವರನ್ನ ನಾವು ಬೈಯಲ್ಲಮ್ಮ. ಮೇಲೆ ಹತ್ತಿ ವೈರ್ ನೋಡ್ತೀವಿ."

"ನಿಮ್ಮ ಲಿಫ್ಟು ನನ್ನ ಅಕ್ಷರ ತಿದ್ದೋಕೆ ಬರಲ್ಲ," ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು. ಒಂಬತ್ತೂವರೆಗೆ ಕಾಗದ ಹೋಯಿತು. ಮಧ್ಯಾಹ್ನದೊಳಗೆ ನಲವತ್ತಕ್ಕೆ ನಲವತ್ತೂ ಜನ ತೆರೆದಿದ್ದರು. ಅಷ್ಟು ಕಾಗದ ಬರೆದಿದ್ದರೂ ಎಲ್ಲರೂ ಓದಿದ್ದು ಅದೇ ಮೊದಲು. ಅವಳು ಆ ಅಂಕಿಯನ್ನು ಎರಡು ಮೂರು ಸಲ ಹೋಗಿ ನೋಡಿ ಬಂದಳು.

ನಾಲ್ಕನೇ ದಿನ ಹನ್ನೊಂದು ಗಂಟೆಗೆ ಒಬ್ಬ ಮನುಷ್ಯ ಮೂರು ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತ. ಐವತ್ತೆಂಟರ ಆಸುಪಾಸು, ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಲಗೈ ಪ್ಯಾಂಟಿನ ಜೇಬಿನೊಳಗೆ.

"ಕಾಗದ ಬರೆಯೋರು ಯಾರು?"

"ನಾನೇ. ಏನಾಗ್ಬೇಕಿತ್ತು?"

"ನಾನು ಹದಿನೇಳು," ಎಂದ ಅವನು.

ಲ್ಯಾಬಿನಲ್ಲಿ ಅವನನ್ನು ಸೊಳ್ಳೆ ಮಾವ ಅನ್ನುತ್ತಿದ್ದರು. ಹೆಸರಿಟ್ಟವರು ಅವನು ಹೋಗುವ ಮನೆಗಳ ಮಕ್ಕಳು. ಸೊಳ್ಳೆ ಕಚ್ಚಿದಷ್ಟೂ ನೋವಾಗುವುದಿಲ್ಲ ಎಂಬ ಅರ್ಥದಲ್ಲಿ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಹಸುಗೂಸಿರಲಿ, ಹಾಸಿಗೆ ಹಿಡಿದ ಮುದುಕಿಯಿರಲಿ, ಎರಡನೇ ಸಲ ಚುಚ್ಚಿದವನಲ್ಲ. ಎಷ್ಟೋ ಮನೆಯವರು ಫೋನು ಮಾಡಿ, ಅವರನ್ನೇ ಕಳಿಸಿ ಎಂದು ಹೇಳುತ್ತಿದ್ದರು.

ಕರಡಕ್ಕ ಕುರ್ಚಿ ತೋರಿಸಲಿಲ್ಲ. ಅವನೂ ಕೂರುವವನಂತೆ ಕಾಣಲಿಲ್ಲ.

"ನನ್ನನ್ನ ಮನೆಗಳಿಗೆ ಹೋಗೋ ಕೆಲಸದಿಂದ ತೆಗೆದಿದಾರೆ," ಎಂದ. "ಮೊನ್ನೆಯಿಂದ. ನಿಮ್ಮ ಕಾಗದ ಓದಿ ನಮ್ಮ ಮೇಡಂ ಲೆಕ್ಕ ಹಾಕಿದ್ರು. ಎಂಟು ದಿನಕ್ಕೆ ಅರವತ್ತೊಂದು ಸಲ ಫೋನ್ ಯಾಕೆ ಅಲುಗಾಡ್ತು ಅಂತ. ಕರೆದು, ಖಾಲಿ ಟ್ಯೂಬುಗಳ ಸ್ಟ್ಯಾಂಡ್ ಕೈಗೆ ಕೊಟ್ಟು, ಸುಮ್ನೆ ಹಿಡ್ಕೊಂಡು ನಿಂತ್ಕೊಳ್ಳಿ ಅಂದ್ರು."

"ನಿಂತ್ರಾ?"

"ನಿಂತೆ. ಗಲಗಲ ಅಂತು."

ಅವನು ಜೇಬಿನಿಂದ ಬಲಗೈ ತೆಗೆದು ಅವಳ ಮೇಜಿನ ಮೇಲೆ ಇಟ್ಟ. ಹೆಬ್ಬೆರಳು, ತೋರುಬೆರಳು ಯಾವುದೋ ಕಾಣದ ಗುಳಿಗೆಯನ್ನು ಉಜ್ಜುತ್ತಿರುವಂತೆ ಅದರಷ್ಟಕ್ಕೇ ಅಲುಗಾಡುತ್ತಿದ್ದವು. ಅವಳ ಪೆನ್ನುಗಳ ಡಬ್ಬಿ ಸಣ್ಣಗೆ ಸದ್ದು ಮಾಡಿತು.

"ಏಳು ತಿಂಗಳಾಯ್ತು," ಎಂದ. "ಹೆಂಡತಿಗೂ ಹೇಳಿರಲಿಲ್ಲ. ನೀವು ನಲವತ್ತು ಜನಕ್ಕೆ ಹೇಳಿದ್ರಿ."

ತಾನು ಹಾಗೆ ಹೇಳಿರಲಿಲ್ಲ, ಖಾಲಿ ವರದಿ ಕಳಿಸಿದ್ದು ನೀವು, ಎಂದು ವಾದಿಸಲು ಅವಳು ಬಾಯಿ ತೆರೆದಳು. ವಾದವೂ ಮಾಡಿದಳು, ಅಷ್ಟು ಸುಲಭವಾಗಿ ಸೋಲುವವಳಲ್ಲ. "ಬೇಡ ಅಂತ ಒಂದು ಗುಂಡಿ ಇತ್ತಲ್ಲ. ಒತ್ತಿದ್ರೆ ನಮಗೆ ಬರ್ತಾನೇ ಇರಲಿಲ್ಲ."

"ಒತ್ತಿದೆ."

"ಒತ್ತಿದ್ರೆ ಹೇಗೆ ಬರುತ್ತೆ?"

"ಅದನ್ನ ನೀವು ಹೇಳ್ಬೇಕು, ನಾನಲ್ಲ. ಅರವತ್ತೊಂದು ಸಲಾನೂ ಒತ್ತಿದೀನಿ. ಹಾಗಂತ ನಿಮ್ಮ ಕಾಗದದಲ್ಲೇ ಬರೆದಿತ್ತು. ಬೇಡ ಒತ್ತಿ, ಅಲ್ಲಿಗೆ ಮುಗೀತು ಅಂತ. ನಾನು ಓದಿದೀನಿ ಮೇಡಂ, ನಿಮ್ಮ ಕಾಗದಾನ ಒಂದಕ್ಷರ ಬಿಡದೆ ಓದೋನು ನಾನೊಬ್ನೇ."

ಪಕ್ಕದ ಮೇಜಿನಲ್ಲಿ ಪ್ರೋಗ್ರಾಮರ್ ಹುಡುಗಿಯ ಕೀಲಿಮಣೆಯ ಸದ್ದು ನಿಂತಿತು. ಅವಳು ತನ್ನ ಫೋನು ತೆಗೆದು, ನೆಟ್‌ವರ್ಕ್ ಆರಿಸಿ, ಗಲಗಲ ಅಲುಗಾಡಿಸಿ, "ಬೇಡ" ಒತ್ತಿದಳು. ಮತ್ತೆ ನೆಟ್‌ವರ್ಕ್ ಹಾಕಿದಳು. ಒಂದು ನಿಮಿಷವೂ ಆಗಲಿಲ್ಲ, ಕರಡಕ್ಕನ ಪಟ್ಟಿಯಲ್ಲಿ ಹೊಸದೊಂದು ವರದಿ ಬಂದು ಕೂತಿತು. ಮೂರೂ ಖಾನೆ ಖಾಲಿ.

"ಅಯ್ಯೋ," ಎಂದಳು ಹುಡುಗಿ. "ಅಕ್ಕಾ, ಫಾರಂ ತೆರೆದ ಕೂಡ್ಲೇ ಒಂದು ಕರಡು ಫೋನಲ್ಲಿ ಉಳಿಯುತ್ತೆ. ನೆಟ್‌ವರ್ಕ್ ಇದ್ರೆ 'ಬೇಡ' ಅಂದಾಗ ಅದು ಅಳಿಸಿಹೋಗುತ್ತೆ. ಇಲ್ದಿದ್ರೆ ಫಾರಂ ಮುಚ್ಚುತ್ತೆ ಅಷ್ಟೇ, ಕರಡು ಕಳಿಸಬೇಕಾದವುಗಳ ಸಾಲಲ್ಲೇ ಇರುತ್ತೆ. ನೆಟ್‌ವರ್ಕ್ ಬಂದಾಗ ಬೇರೆಯದರ ಜೊತೆ ಇದೂ ಬಂದ್ಬಿಡುತ್ತೆ. ನಾನು ನೆಟ್‌ವರ್ಕ್ ಇಲ್ದೆ ಪರೀಕ್ಷೆ ಮಾಡಿರಲಿಲ್ಲ."

"ಸರಿ," ಎಂದ ಸೊಳ್ಳೆ ಮಾವ. "ಹಾಗಾದ್ರೆ ಬರೀರಿ. ಫೋನಿನ ತಪ್ಪು, ಹದಿನೇಳರ ಕೈ ನೆಟ್ಟಗಿದೆ ಅಂತ ಬರೀರಿ."

ಹುಡುಗಿ ತಲೆ ತಗ್ಗಿಸಿದಳು. ಕರಡಕ್ಕ ಕೇಳಿದಳು, "ಫಾರಂ ತಾನೇ ತೆರೆದುಕೊಳ್ಳೋದೂ ಫೋನಿನ ತಪ್ಪೇನಾ?"

"ಅಲ್ಲಕ್ಕ. ಸೆಕೆಂಡಿಗೆ ನಾಲ್ಕೈದು ಸಲ ಹಿಂದೆ ಮುಂದೆ ಆದ್ರೆ ಮಾತ್ರ ತೆರೆಯುತ್ತೆ. ನಡೆದ್ರೆ ಅಷ್ಟು ಬೇಗ ಅಲುಗಾಡಲ್ಲ. ಎಷ್ಟು ಜೋರಾಗಿ ಅಲುಗಾಡಬೇಕು ಅನ್ನೋದನ್ನ ಯಜಮಾನರು ಕಡಿಮೆ ಮಾಡಿಸಿದ್ರು, ಅವರ ಕೈ ನೋಯುತ್ತೆ ಅಂತ. ಅದಕ್ಕೇ ಇವರದ್ದು..."

"ಬೇಡ ಒತ್ತಿದ್ದು ಬಂತು ಅಂತ ಬರೀತೀನಿ," ಎಂದಳು ಕರಡಕ್ಕ. "ನಿಮ್ಮ ಕೈ ಅಲುಗಾಡಲ್ಲ ಅಂತ ಬರೆಯೋಕಾಗಲ್ಲ. ಅದು ಸುಳ್ಳು."

"ಅರವತ್ತೊಂದು ಬರೆಯೋವಾಗ ಸತ್ಯ ನೆನಪಾಗಲಿಲ್ಲ ನಿಮಗೆ," ಎಂದ. "ಸೂಜಿ ಹಿಡಿದಾಗ ನನ್ನ ಕೈ ಅಲುಗಾಡಲ್ಲ. ಸುಮ್ನಿದ್ದಾಗ ಮಾತ್ರ. ಯಾರ ಮನೆ ಬಾಗಿಲಲ್ಲೋ ಕಾಯ್ತಾ ನಿಂತಿದ್ದಾಗ. ಅದನ್ನ ನಂಬೋರು ಯಾರು ಈಗ?"

ಅವನು ಹೋದ ಮೇಲೆ ಅವಳು ಅರವತ್ತೊಂದನ್ನೂ ಒಂದೊಂದಾಗಿ ಬಿಚ್ಚಿದಳು. ಕಾಗದ ಬರೆಯುವ ಮೊದಲೇ ಮಾಡಬೇಕಾಗಿದ್ದ ಕೆಲಸ. ಪ್ರತಿಯೊಂದರಲ್ಲೂ ಪರದೆಯ ಚಿತ್ರ ಇತ್ತು. ಐವತ್ತೆಂಟರಲ್ಲಿ ಒಂದೇ ಪರದೆ, ಮನೆ ತಲುಪಿ ಬಾಗಿಲು ತೆರೆಯಲಿ ಎಂದು ಕಾಯುವಾಗಿನದು: "ಬಾಗಿಲಲ್ಲಿದ್ದೇನೆ." ಉಳಿದ ಮೂರು ಲಿಫ್ಟಿನೊಳಗೆ ನಿಂತು ಮುಂದಿನ ಮನೆಯ ವಿಳಾಸ ನೋಡುತ್ತಿದ್ದಾಗ ಬಂದವು. ಬಾರ್‌ಕೋಡ್ ಸ್ಕ್ಯಾನ್ ಮಾಡುವ ಪರದೆಯಿಂದ ಒಂದೂ ಇಲ್ಲ. ಸ್ಕ್ಯಾನಿಗೆ ಫೋನನ್ನು ಟ್ಯೂಬಿನ ಮೇಲೆ ನೆಟ್ಟಗೆ ಹಿಡಿಯಬೇಕು, ಕೈ ಸ್ವಲ್ಪ ಅದುರಿದರೂ ಹಿಡಿಯುವುದಿಲ್ಲ. ನಲವತ್ತು ಜನರಲ್ಲಿ ಮೊದಲ ಸಲಕ್ಕೇ ಸ್ಕ್ಯಾನ್ ಆದದ್ದು ಅತಿ ಹೆಚ್ಚು ಯಾರದ್ದು ಎಂದು ಹುಡುಗಿಯ ಹತ್ತಿರ ಹುಡುಕಿಸಿದಳು. ಹದಿನೇಳು.

ಇದನ್ನೆಲ್ಲ ಮುದ್ರಿಸಿಕೊಂಡು ಯಜಮಾನನ ಕೋಣೆಗೆ ಹೋದಳು. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಮಾತಿಗೆ ಮುಂಚೆ ನಗುವವನು. ಅವತ್ತು ನಗಲಿಲ್ಲ.

"ಲ್ಯಾಬಿಗೆ ಈ ವಿಷಯ ಹೋಗಬಾರದು," ಎಂದ. "ಬೇಡ ಅಂದಿದ್ದನ್ನೂ ನಮ್ಮ ಆ್ಯಪ್ ಕಳಿಸುತ್ತೆ ಅಂದ್ರೆ ನಾಳೆ ಅವರು ಇನ್ನೇನೇನು ಕೇಳ್ತಾರೋ. ಸರಿ ಮಾಡಿಸೋಣ. ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ ಅಂತ ಒಂದು ಸಾಲು ಹಾಕಿ, ಸಾಕು."

"ಆ ಸಾಲನ್ನ ನಾನು ಬರೆಯಲ್ಲ ಅಂತ ಸೇರಿದ ದಿನವೇ ಹೇಳಿದ್ದೆ."

"ಆ ಮನುಷ್ಯನ ಕೈ ನಡುಗೋದು ನಮ್ಮ ದೋಷ ಅಲ್ಲ ಅಕ್ಕ."

"ಅದನ್ನ ಊರಿಗೆಲ್ಲ ಸಾರಿದ್ದು ನನ್ನ ದೋಷ," ಎಂದಳು. ಯಜಮಾನ ತನ್ನ ಪರದೆ ಕಡೆಗೆ ತಿರುಗಿಕೊಂಡ. ಮಾತು ಮುಗಿಯಿತು ಎಂದು ಅದರ ಅರ್ಥ. ಅವಳು ಕೈಚೀಲ ಹೆಗಲಿಗೇರಿಸಿ ಬಸ್ಸು ಹಿಡಿದಳು.

ಲ್ಯಾಬಿನ ಹಿಂದಿನ ಕೋಣೆಯಲ್ಲಿ ಸೊಳ್ಳೆ ಮಾವ ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಾ ಕೂತಿದ್ದ. ಅವಳನ್ನು ಕಂಡವನೇ ಮುಖ ಕಿವುಚಿದ. ಮೇಲ್ವಿಚಾರಕಿ ನಲವತ್ತರ ಹೆಂಗಸು, ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದಳು, ಮಾತೂ ಅಷ್ಟೇ ಬಿಗಿ. ಕರಡಕ್ಕ ತಂದ ಕಾಗದಗಳನ್ನೆಲ್ಲ ತಾಳ್ಮೆಯಿಂದಲೇ ನೋಡಿದಳು.

"ರಕ್ತ ತೆಗೆಯೋವಾಗ ಫೋನು ಮೇಜಿನ ಮೇಲಿರುತ್ತೆ," ಎಂದಳು. "ಆಗ ಕೈ ಹೇಗಿತ್ತು ಅಂತ ನಿಮ್ಮ ಚಿತ್ರಗಳು ಹೇಳಲ್ಲ. ಸ್ಕ್ಯಾನ್ ಬೇರೆ, ಸೂಜಿ ಬೇರೆ."

ಅದು ಸರಿಯಾದ ಮಾತೇ. ವಾದದಲ್ಲಿ ಸಿಕ್ಕಿಬಿದ್ದಾಗ ಯಾವಾಗಲೂ ಮಾಡುವಂತೆ ಕರಡಕ್ಕ ಮುಂದಕ್ಕೆ ನುಗ್ಗಿದಳು, ರವಿಕೆಯ ತೋಳು ಮೇಲೆ ಸರಿಸಿ ಮೇಜಿನ ಮೇಲೆ ಕೈ ಚಾಚಿದಳು.

"ನನ್ನಿಂದ ತೆಗೀಲಿ. ನಿಮ್ಮ ಕಣ್ಣೆದುರಿಗೇ. ನನ್ನ ನರ ಯಾರಿಗೂ ಸಿಕ್ಕಲ್ಲ, ಹೋದ ಸಲ ಮೂರು ಕಡೆ ಚುಚ್ಚಿದ್ರು."

"ಇದೇನು, ದೊಂಬರಾಟಾನಾ?" ಎಂದ ಸೊಳ್ಳೆ ಮಾವ. "ಇವರ ಮುಂದೆ ನಾನು ಪರೀಕ್ಷೆ ಕೊಡ್ಬೇಕಾ?"

"ನನ್ನ ಮುಂದೆ ಕೊಡಿ," ಎಂದಳು ಮೇಲ್ವಿಚಾರಕಿ. "ನನಗೂ ನಿಮ್ಮನ್ನ ಇಲ್ಲಿ ಕೂರಿಸೋಕೆ ಇಷ್ಟ ಇಲ್ಲ."

ಅವನು ಎದ್ದ. ಕೈ ತೊಳೆದುಕೊಂಡು ಬಂದ, ಕೈಗವಸು ಹಾಕಿಕೊಂಡ. ಆಗ ಬಲಗೈ ಅಲುಗಾಡುತ್ತಲೇ ಇತ್ತು, ಕೈಗವಸಿಗೆ ಬೆರಳು ತೂರಿಸಲು ಎರಡು ಸಲ ಪ್ರಯತ್ನಿಸಬೇಕಾಯಿತು. ಅವನು ರಬ್ಬರ್ ಪಟ್ಟಿ ಕಟ್ಟಿ ಮೊಣಕೈಯ ಒಳಗೆ ಬೆರಳಿಟ್ಟು ಒತ್ತಿ ನೋಡಿದ. ಕಣ್ಣಿನಿಂದ ಹುಡುಕಲಿಲ್ಲ, ಬೆರಳಿನಿಂದಲೇ ಹುಡುಕಿದ. ಸ್ಪಿರಿಟ್ ಹತ್ತಿ ಉಜ್ಜಿ, ಅದು ಒಣಗುವವರೆಗೆ ಕಾದ. ಆಮೇಲೆ ಸೂಜಿ ಎತ್ತಿಕೊಂಡ.

ಕೈ ನಿಂತಿತು. ಯಾರೋ ಒಳಗಿನಿಂದ ಹಿಡಿದಂತೆ ನಿಂತಿತು. ಚುಚ್ಚಿದ್ದು ಅವಳಿಗೆ ಗೊತ್ತಾದದ್ದು ಟ್ಯೂಬಿನೊಳಗೆ ಕೆಂಪು ಏರಿದಾಗ. ಅವನು ಪಟ್ಟಿ ಸಡಿಲಿಸಿದ, ಟ್ಯೂಬು ತೆಗೆದ, ಸೂಜಿ ಹೊರಗೆಳೆದು ಹತ್ತಿ ಒತ್ತಿದ.

"ಒತ್ತಿ ಹಿಡ್ಕೊಳ್ಳಿ. ಕೈ ಮಡಚಬೇಡಿ," ಎಂದ. ಅವಳೊಡನೆ ಅವನು ಸಿಟ್ಟಿಲ್ಲದೆ ಆಡಿದ ಮಾತು ಅದೊಂದೇ. ಅದೂ ಅವಳಿಗಲ್ಲ, ಎದುರಿಗಿದ್ದ ರೋಗಿಗೆ.

ಸೂಜಿಯನ್ನು ಡಬ್ಬಿಗೆ ಹಾಕಿ, ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಿ, ಸ್ಟ್ಯಾಂಡಿನಲ್ಲಿಟ್ಟು ಕೈ ಇಳಿಬಿಟ್ಟ. ಎಲ್ಲರೂ ನೋಡುತ್ತಿದ್ದಂತೆ ಬೆರಳುಗಳು ಮತ್ತೆ ತಮ್ಮ ಕೆಲಸ ಶುರು ಮಾಡಿದವು.

ಮೇಲ್ವಿಚಾರಕಿ ಸ್ಟ್ಯಾಂಡನ್ನು ತನ್ನ ಕಡೆಗೆ ಎಳೆದುಕೊಂಡಳು. "ನೋಡಿದೆ," ಎಂದಳು. "ನನಗೆ ಅನುಮಾನ ಇಲ್ಲ. ಮೊದಲು ಡಾಕ್ಟರಿಗೆ ತೋರಿಸಿ, ಅದು ಬೇರೆ ಮಾತು. ಅವರು ಆಗಬಹುದು ಅಂದ್ರೂ ನಾನು ಮನೆಗಳಿಗೆ ಕಳಿಸೋಕಾಗಲ್ಲ."

"ಯಾಕೆ?" ಎಂದಳು ಕರಡಕ್ಕ.

"ನಲವತ್ತು ಜನ ಓದಿದಾರೆ. ಅವರು ಹೋಗೋ ಮನೆಗಳಲ್ಲಿ ಹೇಳಿದಾರೆ. ಕೈ ನಡುಗೋರನ್ನ ಕಳಿಸಬೇಡಿ ಅಂತ ಒಂಬತ್ತು ಮನೆಯಿಂದ ಫೋನ್ ಬಂದಿದೆ. ಇವರೇ ಬೇಕು ಅಂತ ಕೇಳ್ತಿದ್ದ ಮನೆಗಳೇ ಅವು. ಬಾಗಿಲು ತೆರೆದವರು ಮೊದಲು ಇವರ ಕೈ ನೋಡ್ತಾರೆ. ಆಗ ಅದು ನಡುಗ್ತಾ ಇರುತ್ತೆ. ಸೂಜಿ ಹಿಡಿದ ಮೇಲೆ ನಿಲ್ಲುತ್ತೆ ಅಂತ ಪ್ರತಿ ಬಾಗಿಲಲ್ಲೂ ಹೇಳೋಕೆ ನೀವು ಜೊತೆಗೆ ಹೋಗ್ತೀರಾ?"

ಸೊಳ್ಳೆ ಮಾವ ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದ. ಚೀಟಿಗಳ ಸುರುಳಿಯ ಮುಂದೆ ಕೂತ. "ಆಯ್ತಲ್ಲ ಮೇಡಂ, ಹೊರಡಿ," ಎಂದ ಕರಡಕ್ಕನ ಕಡೆ ನೋಡದೆ. "ನಿಮ್ಮ ಮನಸ್ಸಿಗೆ ಸಮಾಧಾನ ಆಗೋಕೆ ನನ್ನ ಕೈಲಿ ಚುಚ್ಚಿಸಿಕೊಂಡ್ರಿ. ನನಗೇನು ಸಿಕ್ತು?"

ಅವನು ಹೇಳಿದ್ದು ನಿಜವಾಗಿತ್ತು, ಅದೇ ಅವಳನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೊರೆಯಿತು.

ಹನ್ನೊಂದನೇ ಕಾಗದವನ್ನು ಬರೆಯಲು ಅವಳಿಗೆ ಎರಡು ದಿನ ಬೇಕಾಯಿತು. ಅಲುಗಾಡಿಸಿ ವರದಿ ಮಾಡುವುದನ್ನು ತೆಗೆದಿದ್ದಾರೆ, ಈಗ ಪರದೆಯ ಕೆಳಗೆ "ತೊಂದರೆ ಇದೆ" ಎಂಬ ಗುಂಡಿ ಇದೆ, ಒತ್ತಿದರೆ ಅದೇ ಫಾರಂ, ಅದೇ ಮೂರು ಖಾನೆ. ನೆಟ್‌ವರ್ಕ್ ಇರಲಿ ಇಲ್ಲದಿರಲಿ, "ಬೇಡ" ಅಂದರೆ ಫೋನಿನಲ್ಲಿ ಉಳಿದ ಕರಡೂ ಅಳಿಸಿಹೋಗುತ್ತದೆ. ಇದಿಷ್ಟು ಅರ್ಧ ಗಂಟೆಯ ಕೆಲಸ. ಎರಡು ದಿನ ಹಿಡಿದದ್ದು ಕೆಳಗಿನ ಭಾಗಕ್ಕೆ:

"ಹಿಂದಿನ ಕಾಗದದಲ್ಲಿ ಹದಿನೇಳನೇ ನಂಬರಿನವರ ಬಗ್ಗೆ ನಾನು ಬರೆದದ್ದು ತಪ್ಪು. ಅವರು ಒಂದೂ ಖಾಲಿ ವರದಿ ಕಳಿಸಿಲ್ಲ. ಅವರು ಪ್ರತಿ ಸಲವೂ 'ಬೇಡ' ಎಂದರು, ನಮ್ಮ ಆ್ಯಪ್ ಕೇಳಲಿಲ್ಲ. ವರದಿಗಳನ್ನು ತೆರೆದು ನೋಡದೆ ನಾನು ಬರೆದೆ. ಅವರು ಸೂಜಿ ಹಿಡಿದಾಗ ಅವರ ಕೈ ಅಲುಗಾಡುವುದಿಲ್ಲ. ಇದನ್ನು ನನ್ನ ಕೈ ಕೊಟ್ಟು ನೋಡಿದ್ದೇನೆ. ಈ ಸಾಲುಗಳನ್ನು ದಯವಿಟ್ಟು ಆ ಕಾಗದದ ಬಗ್ಗೆ ನೀವು ಮಾತಾಡಿದ ಪ್ರತಿ ಮನೆಯಲ್ಲೂ ಹೇಳಿ."

ಯಜಮಾನನಿಗೆ ತೋರಿಸಲಿಲ್ಲ. ಕಳಿಸುವ ಗುಂಡಿ ಅವಳ ಬಳಿಯೇ ಇತ್ತು, ಒತ್ತಿದಳು. ಅರ್ಧ ಗಂಟೆಯಲ್ಲಿ ಅವನು ಬಂದು ಮೇಜಿನ ಪಕ್ಕ ನಿಂತು ಬೈದ. ಅವಳು ಬೈಸಿಕೊಂಡಳು, ತಿರುಗಿ ಒಂದು ಮಾತೂ ಆಡಲಿಲ್ಲ. ಹುಡುಗಿ ಗಾಬರಿಯಿಂದ ನೋಡಿದಳು. ಕರಡಿಯಕ್ಕ ಬಾಯಿ ಮುಚ್ಚಿಕೊಂಡು ಕೂತದ್ದನ್ನು ಆ ಆಫೀಸು ಮೊದಲ ಸಲ ಕಂಡಿತ್ತು.

ಅವನು ಹೋದ ಮೇಲೆ ಪಟ್ಟಿ ತೆರೆದಳು. ಕಾಗದ ಹೋಗಿದ್ದು ಮೂವತ್ತೊಂಬತ್ತು ಜನಕ್ಕೆ. ಹದಿನೇಳರ ಸಾಲೇ ಇರಲಿಲ್ಲ. ಮನೆಗಳಿಗೆ ಹೋಗದವನಿಗೆ ಆ್ಯಪ್ ಯಾಕೆ ಎಂದು ಲ್ಯಾಬಿನವರು ಅವನ ಫೋನು ವಾಪಸು ತೆಗೆದುಕೊಂಡು ನಂಬರು ಅಳಿಸಿದ್ದರು.

ನಾಲ್ಕು ಗಂಟೆಗೆ ಲ್ಯಾಬಿಗೆ ಫೋನು ಮಾಡಿ ಅವನನ್ನು ಕರೆಸಿದಳು. ಬರುವುದಿಲ್ಲ ಅನ್ನುತ್ತಾನೆ ಎಂದುಕೊಂಡಿದ್ದಳು. ಬಂದ.

"ನಿಮ್ಮ ಬಗ್ಗೆ ಕಾಗದ ಕಳಿಸಿದೀನಿ. ನಿಮಗೆ ಬಂದಿಲ್ಲ ಅಂತ ಗೊತ್ತಾಯ್ತು. ಓದ್ಲಾ?"

ಅವಳು ಓದಿದಳು, ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ. ಆ ಕಡೆಯಿಂದ ಚೀಟಿ ಕಿತ್ತು ಅಂಟಿಸುವ ಸದ್ದು ಕೇಳಿಸುತ್ತಿತ್ತು. ಓದಿ ಮುಗಿದಾಗ ಅದು ನಿಂತಿತು.

"ಹೋದ ಸಲದ್ದನ್ನ ಎಷ್ಟು ಜನ ಓದಿದ್ರು?" ಎಂದು ಕೇಳಿದ.

"ನಲವತ್ತು."

"ಇದನ್ನ?"

ಅವಳು ಪರದೆ ನೋಡಿದಳು. ಬೆಳಗ್ಗೆ ಹತ್ತಕ್ಕೆ ಕಳಿಸಿದ್ದು. "ಆರು ಜನ," ಎಂದಳು.

"ನನ್ನನ್ನೂ ಸೇರಿಸಿ ಏಳು ಅಂತ ಬರ್ಕೊಳ್ಳಿ," ಎಂದು ಅವನು ಫೋನಿಟ್ಟ.